ಲೂಪ್ ಒಳಗೆ remove: ಒಂದೇ ಕೋಡ್, ಒಂದು ಔಟ್‌ಪುಟ್ ಪ್ರಶ್ನೆ, ಒಂದು ಬಗ್ ಪ್ರಶ್ನೆ

ಸಿಬಿಎಸ್‌ಇ 12ನೇ ತರಗತಿಯ ಕಂಪ್ಯೂಟರ್ ಸೈನ್ಸ್ (ವಿಷಯ ಸಂಖ್ಯೆ 083) ಪ್ರಶ್ನೆಪತ್ರಿಕೆಗಳನ್ನು ನೋಡಿದವರಿಗೆ ಎರಡು ಬಗೆಯ ಪ್ರಶ್ನೆಗಳು ಚೆನ್ನಾಗಿ ಗೊತ್ತು. ಒಂದರಲ್ಲಿ ಪೈಥಾನ್ ಕೋಡ್ ಕೊಟ್ಟು ಔಟ್‌ಪುಟ್ ಬರೆಯಿರಿ ಎನ್ನುತ್ತಾರೆ. ಇನ್ನೊಂದರಲ್ಲಿ ತಪ್ಪಿರುವ ಕೋಡ್ ಕೊಟ್ಟು, ಸರಿಮಾಡಿ ಬರೆದು ತಿದ್ದಿದ ಕಡೆಯೆಲ್ಲ ಅಡಿಗೆರೆ ಎಳೆಯಿರಿ ಎನ್ನುತ್ತಾರೆ. ಶಾಲೆಯ ಕಿರುಪರೀಕ್ಷೆಗಳಿಗೂ ಪಿಯು ತರಗತಿಯ ಅಭ್ಯಾಸಕ್ಕೂ ಇದೇ ಮಾದರಿಯನ್ನು ಶಿಕ್ಷಕರು ತಾವೇ ತಯಾರಿಸಿಕೊಳ್ಳುತ್ತಾರೆ. ಹಾಗೆ ತಯಾರಾಗುವ ಪ್ರಶ್ನೆಯೊಂದು ಎಲ್ಲಿ ಜಾರುತ್ತದೆ, ಅದನ್ನು ಹೇಗೆ ಸರಿಪಡಿಸಬೇಕು ಎಂಬುದನ್ನು ಒಂದೇ ಕೋಡನ್ನು ಹಿಡಿದು ಕೊನೆಯವರೆಗೆ ನೋಡುವುದು ಈ ಅಧ್ಯಯನದ ಉದ್ದೇಶ. ಕೋಡ್ ಇರುವುದು ಐದು ಸಾಲು.

ಮೊದಲ ಕರಡು

ಲಿಸ್ಟ್ ಪಾಠ ಮುಗಿದಿದೆ. `remove()` ಮತ್ತು `for` ಎರಡೂ ಒಟ್ಟಿಗೆ ಬರುವ ಒಂದು ಔಟ್‌ಪುಟ್ ಪ್ರಶ್ನೆ ಬೇಕು. ಅಂಕಗಳ ಪಟ್ಟಿಯಿಂದ 40ಕ್ಕಿಂತ ಕಡಿಮೆ ಇರುವವನ್ನು ತೆಗೆದುಹಾಕುವ ಕೋಡ್ ತಕ್ಷಣ ಹೊಳೆಯುತ್ತದೆ:

```python
marks = [72, 28, 55, 31, 64, 19]
for m in marks:
    if m < 40:
        marks.remove(m)
print(marks)
```

ನೋಡಲು ಒಳ್ಳೆಯ ಪ್ರಶ್ನೆ. ಓಡಿಸಿದರೆ `[72, 55, 64]` ಬರುತ್ತದೆ. ಮಾದರಿ ಉತ್ತರ ಬರೆದು ಎರಡು ಅಂಕ ನಿಗದಿ ಮಾಡಿದರೆ ಕೆಲಸ ಮುಗಿಯಿತು ಅನಿಸುತ್ತದೆ. ತರಗತಿಯ ಬಹುತೇಕ ಮಕ್ಕಳು ಸರಿ ಉತ್ತರವನ್ನೇ ಬರೆಯುತ್ತಾರೆ. ತೊಂದರೆ ಇರುವುದೇ ಅಲ್ಲಿ. ಈ ಕೋಡಿನಲ್ಲಿ ಒಂದು ಬಗ್ ಇದೆ, ಅದನ್ನು ಕಾಣದವರಿಗೂ ಇಲ್ಲಿ ಪೂರ್ತಿ ಅಂಕ ಸಿಗುತ್ತದೆ.

ಯಾಕೆಂದು ನೋಡಲು ಪೈಥಾನ್ ಲಿಸ್ಟ್ ಮೇಲೆ `for` ಹೇಗೆ ನಡೆಯುತ್ತದೆ ಎಂಬುದು ತಿಳಿದಿರಬೇಕು. ಲೂಪ್ ಶುರುವಾದಾಗ ಲಿಸ್ಟಿನ ಪ್ರತಿ ತಯಾರಾಗುವುದಿಲ್ಲ. ಲೂಪಿನ ಒಳಗೊಂದು ಎಣಿಕೆ ಇರುತ್ತದೆ, ಅದು 0ಯಿಂದ ಶುರುವಾಗುತ್ತದೆ. ಪ್ರತಿ ಸುತ್ತಿನ ಆರಂಭದಲ್ಲಿ ಆ ಎಣಿಕೆಯನ್ನು ಲಿಸ್ಟಿನ ಆ ಹೊತ್ತಿನ ಉದ್ದದೊಂದಿಗೆ ಹೋಲಿಸಲಾಗುತ್ತದೆ. ಎಣಿಕೆ ಉದ್ದಕ್ಕಿಂತ ಚಿಕ್ಕದಿದ್ದರೆ ಆ ಸ್ಥಾನದಲ್ಲಿ ಆಗ ಏನಿದೆಯೋ ಅದು `m`ಗೆ ಬರುತ್ತದೆ, ಎಣಿಕೆ ಒಂದು ಹೆಚ್ಚುತ್ತದೆ. ಇಲ್ಲವಾದರೆ ಲೂಪ್ ಸದ್ದಿಲ್ಲದೆ ನಿಲ್ಲುತ್ತದೆ. ಇನ್ನೊಂದು ಕಡೆ `remove()` ಒಂದು ಅಂಶವನ್ನು ತೆಗೆದಾಗ ಅದರ ಬಲಗಡೆ ಇದ್ದವೆಲ್ಲ ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತವೆ. ಎಣಿಕೆ ಬಲಕ್ಕೆ ಹೋಯಿತು, ಅಂಶಗಳು ಎಡಕ್ಕೆ ಬಂದವು. ತೆಗೆದುಹಾಕಿದ ಅಂಶದ ಪಕ್ಕದಲ್ಲಿದ್ದದ್ದು ಲೂಪಿನ ಕಣ್ಣಿಗೇ ಬೀಳುವುದಿಲ್ಲ.

ಈಗ ಕರಡಿನ ಅಂಕಿಗಳನ್ನು ಮತ್ತೆ ನೋಡಿ. 28 ಹೋದಾಗ ತಪ್ಪಿಸಿಕೊಳ್ಳುವುದು 55. ಅದು ಹೇಗೂ ಉಳಿಯಬೇಕಾದದ್ದೇ. 31 ಹೋದಾಗ ತಪ್ಪಿಸಿಕೊಳ್ಳುವುದು 64, ಅದೂ ಉಳಿಯಬೇಕಾದದ್ದೇ. ಕೊನೆಯ 19ರ ನಂತರ ಯಾರೂ ಇಲ್ಲ. ಲೂಪ್ ಆರರಲ್ಲಿ ನಾಲ್ಕನ್ನು ಮಾತ್ರ ನೋಡಿದೆ, ಆದರೂ ಉತ್ತರ ಸರಿ ಬಂದಿದೆ. ಪಾಸು, ಫೇಲು, ಪಾಸು, ಫೇಲು ಎಂದು ಒಂದು ಬಿಟ್ಟು ಒಂದು ಜೋಡಿಸಿದ್ದರಿಂದ ಹೀಗಾಯಿತು. ಮನುಷ್ಯರು ಉದಾಹರಣೆಗೆಂದು ಅಂಕಿ ಬರೆಯುವಾಗ ಸಹಜವಾಗಿ ಹೀಗೆಯೇ ಬೆರೆಸಿ ಬರೆಯುತ್ತೇವೆ. ಸಮಸಂಖ್ಯೆ ತೆಗೆಯುವ ಕೋಡಿಗೆ `[1, 2, 3, 4, 5, 6]` ಕೊಟ್ಟರೂ ಇದೇ ಕಥೆ. ಬಗ್ ಇದ್ದೂ `[1, 3, 5]` ಬರುತ್ತದೆ.

ಔಟ್‌ಪುಟ್ ಪ್ರಶ್ನೆ ಬರೆಯುವವರು ಕೋಡಿಗೆ ತಲೆ ಕೆಡಿಸಿಕೊಂಡಷ್ಟು ಅಂಕಿಗಳಿಗೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಪ್ರಶ್ನೆ ಏನನ್ನು ಅಳೆಯುತ್ತದೆ ಎಂಬುದನ್ನು ಇಲ್ಲಿ ತೀರ್ಮಾನಿಸಿದ್ದು ಮೊದಲ ಸಾಲಿನ ಆರು ಅಂಕಿಗಳು, ಉಳಿದ ನಾಲ್ಕು ಸಾಲುಗಳಲ್ಲ.

ಅಂಕಿಗಳನ್ನು ಆರಿಸುವುದು

ಅಂಕಿ ಬದಲಿಸುವ ಮೊದಲು ಮಕ್ಕಳು ಈ ಕೋಡನ್ನು ಯಾವ ಯಾವ ರೀತಿ ತಪ್ಪಾಗಿ ಓದಬಹುದು ಎಂದು ಬರೆದಿಟ್ಟುಕೊಳ್ಳಬೇಕು. ಇಲ್ಲಿ ಮುಖ್ಯವಾದವು ಮೂರು.

ಮೊದಲನೆಯದು, ಲೂಪ್ ಮೂಲ ಲಿಸ್ಟಿನ ಎಲ್ಲ ಅಂಶಗಳನ್ನೂ ನೋಡಿಯೇ ನೋಡುತ್ತದೆ ಎಂಬ ನಂಬಿಕೆ. ಇಂಥ ವಿದ್ಯಾರ್ಥಿ ಕೋಡನ್ನು ಓದುವುದಿಲ್ಲ, ಕೋಡ್ ಬರೆದವರ ಉದ್ದೇಶವನ್ನು ಓದುತ್ತಾನೆ. `remove` ಎಂಬ ಹೆಸರು, `m < 40` ಎಂಬ ಷರತ್ತು ಕಂಡ ಕೂಡಲೇ ಇದು ಫೇಲಾದವರನ್ನು ತೆಗೆಯುವ ಕೋಡ್ ಎಂದು ತೀರ್ಮಾನಿಸಿ ಪಾಸಾದ ಅಂಕಗಳನ್ನು ಬರೆದುಬಿಡುತ್ತಾನೆ. ಎರಡನೆಯದು, ಲಿಸ್ಟ್ ಬದಲಾದರೆ ಏನೋ ಗಡಿಬಿಡಿಯಾಗುತ್ತದೆ ಎಂದು ಅರೆಬರೆ ಗೊತ್ತಿರುವವರದು. ಒಂದನ್ನು ತೆಗೆದರೆ ಪಕ್ಕದವು ಉಳಿದುಬಿಡುತ್ತವೆ ಎಂಬ ಮಾತು ಅವರಿಗೆ ನೆನಪಿದೆ, ಎಣಿಕೆ ಹೇಗೆ ಸಾಗುತ್ತದೆ ಎಂಬುದು ಗೊತ್ತಿಲ್ಲ. ಹಾಗಾಗಿ ಗುಂಪಿನ ಮೊದಲನೆಯದು ಮಾತ್ರ ಹೋಗುತ್ತದೆ ಎಂದು ಬರೆಯುತ್ತಾರೆ. ಮೂರನೆಯದು, ಲೂಪಿನ ಸುತ್ತುಗಳ ಸಂಖ್ಯೆ ಮೊದಲೇ ನಿಗದಿಯಾಗಿರುತ್ತದೆ, ಲಿಸ್ಟ್ ಚಿಕ್ಕದಾದ ಮೇಲೆ ಇಲ್ಲದ ಸ್ಥಾನಕ್ಕೆ ಕೈಹಾಕಿ ಎರರ್ ಬರುತ್ತದೆ ಎಂಬ ಊಹೆ. ಸಿ++ ಮಾದರಿಯ ಎಣಿಕೆ ಲೂಪುಗಳನ್ನು ಮೊದಲು ಕಲಿತವರಲ್ಲಿ ಈ ಊಹೆ ಸಹಜ. ಕರ್ನಾಟಕದ ಪಿಯುನಲ್ಲಿ ಬಹುಕಾಲ ಸಿ++ ಕಲಿಸಿದ್ದರಿಂದ ಕಲಿಸುವವರಲ್ಲೂ ಈ ಕಣ್ಣು ಉಳಿದಿರಬಹುದು.

ಈ ಮೂರು ತಪ್ಪು ಓದುಗಳೂ ಒಂದು ಸರಿ ಓದೂ ನಾಲ್ಕು ಬೇರೆ ಬೇರೆ ಉತ್ತರ ಕೊಡುವಂಥ ಅಂಕಿಗಳು ಬೇಕು. ಫೇಲಾದ ಅಂಕಗಳು ಎರಡು ಅಕ್ಕಪಕ್ಕ ಇದ್ದರೆ ಸಾಕೇ? `[72, 28, 31, 64]` ಹಾಕಿ ನೋಡಿದರೆ ಸರಿ ಉತ್ತರ `[72, 31, 64]`. ಆದರೆ ಗುಂಪಿನ ಮೊದಲನೆಯದು ಮಾತ್ರ ಹೋಗುತ್ತದೆ ಎನ್ನುವವನ ಉತ್ತರವೂ ಅದೇ. ಮೊದಲ ತಪ್ಪು ಬೇರ್ಪಟ್ಟಿತು, ಎರಡನೆಯದು ಬೇರ್ಪಡಲಿಲ್ಲ. ಮೂರನ್ನು ಒತ್ತಟ್ಟಿಗೆ ಇಟ್ಟರೆ ಅದೂ ಬೇರೆಯಾಗುತ್ತದೆ:

```python
marks = [72, 28, 31, 19, 64]
for m in marks:
    if m < 40:
        marks.remove(m)
print(marks)
```

ಸರಿಯಾದ ಔಟ್‌ಪುಟ್ `[72, 31, 64]`. ಉದ್ದೇಶ ಓದಿದವನು `[72, 64]` ಬರೆಯುತ್ತಾನೆ. ಅರೆಬರೆ ನೆನಪಿನವನು `[72, 31, 19, 64]` ಬರೆಯುತ್ತಾನೆ. ನಿಗದಿತ ಸುತ್ತು ಎಂದುಕೊಂಡವನು `IndexError` ಬರೆಯುತ್ತಾನೆ. ಉತ್ತರಪತ್ರಿಕೆ ನೋಡಿದ ಕೂಡಲೇ ಯಾವ ಮಗುವಿಗೆ ಯಾವ ಪಾಠ ಮತ್ತೆ ಬೇಕು ಎಂದು ತಿಳಿಯುತ್ತದೆ. ಬಹು ಆಯ್ಕೆ ಪ್ರಶ್ನೆ ಮಾಡಬೇಕಾದರೆ ನಾಲ್ಕು ಆಯ್ಕೆಗಳು ತಾವಾಗಿಯೇ ಸಿಕ್ಕವು, ಬಾಯಿಗೆ ಬಂದ ತಪ್ಪು ಉತ್ತರಗಳನ್ನು ಹುಡುಕಿ ತುಂಬಬೇಕಿಲ್ಲ.

ಒಂದು ಆಸೆಯನ್ನು ಇಲ್ಲಿ ತಡೆಯಬೇಕು. `remove()` ಬಗ್ಗೆ ಇನ್ನೊಂದು ಸೂಕ್ಷ್ಮವಿದೆ: ಒಂದೇ ಬೆಲೆ ಹಲವು ಸಲ ಬಂದಿದ್ದರೆ ಅದು ಮೊದಲು ಸಿಕ್ಕಿದ್ದನ್ನು ಮಾತ್ರ ತೆಗೆಯುತ್ತದೆ. ಅದನ್ನೂ ಇದರಲ್ಲೇ ಸೇರಿಸಿಬಿಡೋಣ ಎಂದು `[53, 28, 28, 55, 12, 28]` ಎಂದು ಬರೆದರೆ ಏನಾಗುತ್ತದೆ? ಸರಿ ಉತ್ತರ `[53, 28, 55, 28]`. ಎಲ್ಲವನ್ನೂ ಲೂಪ್ ನೋಡುತ್ತದೆ ಎಂದುಕೊಂಡವನು `[53, 55]` ಬರೆಯುತ್ತಾನೆ. `remove(28)` ಎಲ್ಲ 28ಗಳನ್ನೂ ಒಂದೇ ಸಲ ತೆಗೆಯುತ್ತದೆ ಎಂದುಕೊಂಡು, ಲೂಪನ್ನು ಸರಿಯಾಗಿಯೇ ನಡೆಸಿದವನೂ `[53, 55]` ಬರೆಯುತ್ತಾನೆ. ಎರಡು ಬೇರೆ ತಪ್ಪುಗಳು ಒಂದೇ ಉತ್ತರದಲ್ಲಿ ಬೆರೆತುಹೋದವು. ಆ ಸೂಕ್ಷ್ಮಕ್ಕೆ ಲೂಪಿಲ್ಲದ ಒಂದು ಎರಡು ಸಾಲಿನ ಪ್ರಶ್ನೆ ಸಾಕು.

ಲೆಕ್ಕ ಹಾಕುವ ಕೋಷ್ಟಕ ಮತ್ತು ಅಂಕ

ಔಟ್‌ಪುಟ್ ಮಾತ್ರ ಕೇಳಿದರೆ ಎರಡು ಅಂಕಕ್ಕೆ ಎರಡೋ ಸೊನ್ನೆಯೋ ಎಂದಾಗುತ್ತದೆ. ಪ್ರಶ್ನೆಯ ಕೆಳಗೆ ಖಾಲಿ ಕೋಷ್ಟಕವೊಂದನ್ನು ಕೊಟ್ಟರೆ ಅರ್ಧ ದಾರಿ ಬಂದವರಿಗೂ ಲೆಕ್ಕ ಸಿಗುತ್ತದೆ. ತುಂಬಿದಾಗ ಅದು ಹೀಗಿರುತ್ತದೆ:

```
ಸ್ಥಾನ   m    ಸುತ್ತು ಮುಗಿದಾಗ marks
0      72   [72, 28, 31, 19, 64]
1      28   [72, 31, 19, 64]
2      19   [72, 31, 64]
```

ಮುಂದೆ ಸ್ಥಾನ 3, ಲಿಸ್ಟಿನ ಉದ್ದವೂ 3. ಅಲ್ಲಿಗೆ ಲೂಪ್ ನಿಂತಿತು. 64ನ್ನೂ ಲೂಪ್ ನೋಡಲಿಲ್ಲ, ಆದರೆ ಅದು ಪಾಸಾದ ಅಂಕವಾದ್ದರಿಂದ ಉತ್ತರದಲ್ಲಿ ಗೊತ್ತಾಗುವುದಿಲ್ಲ. ಕೋಷ್ಟಕದಲ್ಲಿ ಮಾತ್ರ ಗೊತ್ತಾಗುತ್ತದೆ.

ಕೋಷ್ಟಕವನ್ನು ಅಚ್ಚು ಮಾಡುವಾಗ ಮೂರೇ ಖಾಲಿ ಸಾಲು ಬಿಟ್ಟರೆ ಸುತ್ತು ಮೂರು ಎಂದು ಪ್ರಶ್ನೆಯೇ ಹೇಳಿಕೊಟ್ಟಂತಾಗುತ್ತದೆ. ಐದು ಅಥವಾ ಆರು ಸಾಲು ಬಿಡಬೇಕು, ಎಲ್ಲ ಸಾಲೂ ತುಂಬಬೇಕಿಲ್ಲ ಎಂದು ಬರೆಯಬೇಕು. ಸ್ಥಾನದ ಅಂಕಣವನ್ನು ನಾವೇ ಕೊಡಬೇಕೇ ಬೇಡವೇ ಎಂಬುದು ಪ್ರಶ್ನೆ ಎಲ್ಲಿ ಬಳಸುತ್ತೇವೆ ಎಂಬುದನ್ನು ಅವಲಂಬಿಸಿದೆ. ಪಾಠದ ಮಧ್ಯದ ಅಭ್ಯಾಸಕ್ಕೆ ಕೊಡುವುದು ಒಳ್ಳೆಯದು, ಮಗುವಿನ ಕಣ್ಣು ಎಣಿಕೆಯ ಕಡೆ ಹೋಗುತ್ತದೆ. ಪರೀಕ್ಷೆಯಲ್ಲಿ ಕೊಟ್ಟರೆ ಅದು ದೊಡ್ಡ ಸುಳಿವು. ಅಲ್ಲಿ `m` ಮತ್ತು `marks` ಎರಡು ಅಂಕಣ ಸಾಕು.

ಅಂಕ ಹಂಚಿಕೆ ಸರಳವಾಗಿರಲಿ: 28 ಹೋದ ಮೇಲೆ ಮುಂದಿನ `m` 19 ಎಂದು ಕೋಷ್ಟಕದಲ್ಲಿ ತೋರಿಸಿದರೆ ಒಂದು, ಕೊನೆಯ ಲಿಸ್ಟ್ ಸರಿಯಿದ್ದರೆ ಒಂದು. ಚೌಕ ಆವರಣ ಅಥವಾ ಅಲ್ಪವಿರಾಮ ಬಿಟ್ಟು `72 31 64` ಎಂದು ಬರೆದವರಿಗೆ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿ ಮಾದರಿ ಉತ್ತರದ ಹಾಳೆಯಲ್ಲೇ ಬರೆದಿಡಬೇಕು, ಇಲ್ಲದಿದ್ದರೆ ಎರಡು ವಿಭಾಗಗಳಲ್ಲಿ ಎರಡು ನ್ಯಾಯವಾಗುತ್ತದೆ. ಈ ಪ್ರಶ್ನೆ ಅಳೆಯುವುದು ಲೂಪಿನ ನಡೆಯನ್ನು. ಆವರಣಕ್ಕಾಗಿ ಅಂಕ ಕತ್ತರಿಸುವುದು ಇಲ್ಲಿ ಜಿಪುಣತನ.

ಉತ್ತರಪತ್ರಿಕೆ ಹಿಂತಿರುಗಿಸುವಾಗ ವಿವರಣೆ ಕೊಡುವ ಬದಲು ಲೂಪಿನ ಮೊದಲ ಸಾಲಾಗಿ `print(m, marks)` ಸೇರಿಸಿ ಎಲ್ಲರ ಎದುರು ಓಡಿಸುವುದು ಮೇಲು. ಪರದೆಯ ಮೇಲೆ ಬರುವುದು ಇಷ್ಟು:

```
72 [72, 28, 31, 19, 64]
28 [72, 28, 31, 19, 64]
19 [72, 31, 19, 64]
[72, 31, 64]
```

31 ಎಂಬುದು `m` ಆಗಿ ಯಾವ ಸಾಲಿನಲ್ಲೂ ಬರಲಿಲ್ಲ. `[72, 64]` ಬರೆದವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ. `IndexError` ಬರೆದವರಿಗೆ ಇನ್ನೊಂದು ಕೋಡ್ ತೋರಿಸಬೇಕು, ಏಕೆಂದರೆ ಅವರ ಊಹೆ ಬೇರೊಂದು ಕಡೆ ಸರಿಯಾಗಿಯೇ ಇದೆ:

```python
for i in range(len(marks)):
    if marks[i] < 40:
        marks.remove(marks[i])
```

ಇಲ್ಲಿ `range(len(marks))` ಲೂಪಿಗೆ ಮೊದಲು ಒಂದೇ ಸಲ ಲೆಕ್ಕವಾಗುತ್ತದೆ, 0ಯಿಂದ 4ರವರೆಗೆ ನಿಗದಿ. `i` 1 ಆದಾಗ 28 ಹೋಯಿತು, 2 ಆದಾಗ 19 ಹೋಯಿತು, ಲಿಸ್ಟಿನಲ್ಲಿ ಉಳಿದದ್ದು ಮೂರು. `i` 3 ಆದಾಗ `marks[3]` ಇಲ್ಲ. `IndexError: list index out of range` ಎಂದು ಕೋಡ್ ನಿಲ್ಲುತ್ತದೆ. ಎರಡೂ ಕೋಡಿನ ಬಗ್ ಒಂದೇ, ಆದರೆ ಒಂದು ಕೂಗಿ ಹೇಳುತ್ತದೆ, ಇನ್ನೊಂದು ತಪ್ಪು ಉತ್ತರ ಕೊಟ್ಟು ಸುಮ್ಮನಿರುತ್ತದೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಓಡಿಸುವುದು ಒಂದು ಪೀರಿಯಡ್ಡಿಗೆ ಸಾಲುವಷ್ಟು ಚರ್ಚೆ ಎಬ್ಬಿಸುತ್ತದೆ.

ಅದೇ ಕೋಡ್, ಬಗ್ ಹುಡುಕುವ ಪ್ರಶ್ನೆಯಾಗಿ

ಈಗ ಎರಡನೆಯ ಬಗೆ. ರೂಢಿಯಲ್ಲಿರುವ ಮಾದರಿಯಂತೆ ಬರೆದರೆ ಹೀಗಾಗುತ್ತದೆ. ನಾಲ್ಕು ತಪ್ಪು, ತಪ್ಪಿಗೆ ಅರ್ಧ ಅಂಕ:

```python
def clean(marks)
    For m in marks:
        if m =< 40:
            marks.remove(m)
    Return marks
```

ಮೊದಲ ಸಾಲಿನ ಕೊನೆಗೆ `:` ಇಲ್ಲ, `For` ಮತ್ತು `Return` ದೊಡ್ಡಕ್ಷರದಲ್ಲಿವೆ, `=<` ಎಂಬ ಚಿಹ್ನೆಯೇ ಪೈಥಾನಿನಲ್ಲಿಲ್ಲ. ನಾಲ್ಕನ್ನೂ ತಿದ್ದಿದವನಿಗೆ ಎರಡಕ್ಕೆ ಎರಡು. ತಿದ್ದಿದ ಫಂಕ್ಷನ್ನಿಗೆ ನಮ್ಮ ಐದು ಅಂಕಿ ಕೊಟ್ಟರೆ ಬರುವುದು ಮತ್ತೆ `[72, 31, 64]`. ಪೂರ್ತಿ ಅಂಕ ಪಡೆದ ಉತ್ತರವೂ ಫೇಲಾದ ಅಂಕವೊಂದನ್ನು ಒಳಗೇ ಬಿಟ್ಟಿದೆ. ಅಚ್ಚುತಪ್ಪು ತಿದ್ದುವ ಪ್ರಶ್ನೆಗೂ ತನ್ನದೇ ಜಾಗವಿದೆ, ಭಾಷೆಯ ನಿಯಮ ಗೊತ್ತಿದೆಯೇ ಎಂದು ಅದು ನೋಡುತ್ತದೆ. ಆದರೆ ಈ ನಾಲ್ಕನ್ನೂ ಪೈಥಾನೇ ಹಿಡಿದುಕೊಡುತ್ತದೆ, ಅದೂ ಒಂದು ಸಲಕ್ಕೆ ಒಂದರಂತೆ, ಸಾಲಿನ ಸಂಖ್ಯೆ ಸಮೇತ. ಪೈಥಾನ್ ಹಿಡಿಯದ ತಪ್ಪನ್ನು ವಿದ್ಯಾರ್ಥಿ ಹಿಡಿಯುತ್ತಾನೆಯೇ ಎಂಬುದು ಬೇರೆಯೇ ಪ್ರಶ್ನೆ.

ಈ ಮಾದರಿಯಲ್ಲೇ ಬರೆಯುವುದಾದರೆ ಎರಡು ಕಡೆ ಜಗಳ ಹುಟ್ಟುತ್ತದೆ. `=<` ಅನ್ನು ಹೆಚ್ಚಿನವರು `<=` ಎಂದು ತಿದ್ದುತ್ತಾರೆ. ಆಗ 40 ತೆಗೆದುಕೊಂಡ ವಿದ್ಯಾರ್ಥಿಯೂ ಪಟ್ಟಿಯಿಂದ ಹೊರಗೆ ಹೋಗುತ್ತಾನೆ. 40 ಪಾಸೋ ಅಲ್ಲವೋ ಎಂದು ಪ್ರಶ್ನೆಯಲ್ಲಿ ಒಂದು ಸಾಲು ಇಲ್ಲದಿದ್ದರೆ `<` ಬರೆದವರೂ `<=` ಬರೆದವರೂ ಇಬ್ಬರೂ ಸರಿ ಎನ್ನಬೇಕಾಗುತ್ತದೆ. ಎರಡನೆಯ ಜಗಳ ಸಿಂಟ್ಯಾಕ್ಸ್ ಎಂಬ ಪದದ್ದು. ಸಿಂಟ್ಯಾಕ್ಸ್ ತಪ್ಪುಗಳನ್ನು ತಿದ್ದಿ ಎಂದು ಕೇಳಿ `Print(marks)` ಎಂದು ಹಾಕಿದರೆ ಅದು ಸಿಂಟ್ಯಾಕ್ಸ್ ತಪ್ಪಲ್ಲ. ಪೈಥಾನ್ ಅದನ್ನು ಯಾವುದೋ ಫಂಕ್ಷನ್ನಿನ ಹೆಸರೆಂದು ಒಪ್ಪಿಕೊಂಡು, ಓಡುವಾಗ ಆ ಹೆಸರು ಸಿಗದೆ `NameError` ಕೊಡುತ್ತದೆ. `marks` ಬದಲು `maks` ಎಂದು ಬರೆದದ್ದೂ ಹಾಗೆಯೇ. ಆ ಸಾಲು ಓಡದೇ ಇದ್ದರೆ ಎರರ್ ಬರುವುದೂ ಇಲ್ಲ. ಚೆನ್ನಾಗಿ ಓದಿದ ವಿದ್ಯಾರ್ಥಿಯೇ ಇಂಥದ್ದನ್ನು ತಿದ್ದದೆ ಬಿಟ್ಟು ಅಂಕ ಕಳೆದುಕೊಳ್ಳುವ ಅಪಾಯವಿದೆ. ತಪ್ಪುಗಳನ್ನು ತಿದ್ದಿ ಎಂದಷ್ಟೇ ಕೇಳುವುದು ಕ್ಷೇಮ.

ತರ್ಕದ ಬಗ್ಗೆ ಕೇಳಬೇಕಾದರೆ ಸಿಂಟ್ಯಾಕ್ಸ್ ತಪ್ಪು ಒಂದೂ ಇಲ್ಲದ, ಓಡುವ ಕೋಡನ್ನೇ ಕೊಡಬೇಕು. ಅದು ಏನು ಮಾಡಬೇಕಿತ್ತು ಎಂಬುದನ್ನು ಮೇಲೆಯೇ ಸ್ಪಷ್ಟವಾಗಿ ಹೇಳಬೇಕು. ಉದ್ದೇಶ ಹೇಳದೆ ಬಗ್ ಹುಡುಕಿ ಎಂದರೆ ಅದು ಪ್ರಶ್ನೆಯೇ ಅಲ್ಲ, ಏಕೆಂದರೆ ಬಗ್ ಎಂಬುದು ಹೇಳಿದ್ದಕ್ಕೂ ಆಗಿದ್ದಕ್ಕೂ ನಡುವಿನ ಅಂತರ. ನಮ್ಮ ಪ್ರಶ್ನೆಯ ಮೇಲ್ಬರಹ ಹೀಗಿರಬಹುದು: *`clean(marks)` ಎಂಬ ಫಂಕ್ಷನ್ ತನಗೆ ಕೊಟ್ಟ ಲಿಸ್ಟಿನಿಂದಲೇ 40ಕ್ಕಿಂತ ಕಡಿಮೆ ಇರುವ ಎಲ್ಲ ಅಂಕಗಳನ್ನು ತೆಗೆದುಹಾಕಬೇಕು. 40 ಮತ್ತು ಅದಕ್ಕಿಂತ ಹೆಚ್ಚಿನವು ಇದ್ದ ಕ್ರಮದಲ್ಲೇ ಉಳಿಯಬೇಕು. ಕೆಳಗಿನ ಕೋಡ್ ಕೆಲವು ಲಿಸ್ಟ್‌ಗಳಿಗೆ ಸರಿಯಾಗಿ ನಡೆಯುತ್ತದೆ, ಕೆಲವಕ್ಕೆ ಇಲ್ಲ.*

```python
def clean(marks):
    for m in marks:
        if m < 40:
            marks.remove(m)
```

ಕೇಳುವುದು ಮೂರು. ಈ ಕೋಡ್ ತಪ್ಪು ಮಾಡುವ, ಸಾಧ್ಯವಾದಷ್ಟು ಚಿಕ್ಕ ಲಿಸ್ಟ್ ಒಂದನ್ನು ಬರೆದು, ಕೋಡ್ ಓಡಿದ ಮೇಲೆ ಅದರಲ್ಲಿ ಏನು ಉಳಿಯುತ್ತದೆ ಎಂದು ಹೇಳಿ. ಯಾಕೆ ಹಾಗಾಯಿತು ಎಂದು ಒಂದೆರಡು ವಾಕ್ಯದಲ್ಲಿ ಬರೆಯಿರಿ. ಕೋಡನ್ನು ಸರಿಪಡಿಸಿ.

ಮೊದಲ ಭಾಗವೇ ಈ ಪ್ರಶ್ನೆಯ ಜೀವಾಳ. ಉತ್ತರ `[28, 31]`, ಓಡಿದ ಮೇಲೆ ಉಳಿಯುವುದು `[31]`. ಒಂದೇ ಅಂಶದ `[28]` ಸರಿಯಾಗಿ ಖಾಲಿಯಾಗುತ್ತದೆ, ಆದ್ದರಿಂದ ಎರಡಕ್ಕಿಂತ ಚಿಕ್ಕದು ಸಾಧ್ಯವಿಲ್ಲ. ಅಂಕಿಗಳು ಬೇರೆಯಿರಬಹುದು, ಎರಡೂ 40ಕ್ಕಿಂತ ಕಡಿಮೆ ಇದ್ದರಾಯಿತು. ಪುಸ್ತಕದಲ್ಲಿ ಓದಿ, ಲೂಪ್ ಒಳಗೆ `remove` ಬಳಸಬಾರದು ಎಂದು ಬಾಯಿಪಾಠ ಮಾಡಿದವನು ಎರಡನೆಯ ಭಾಗವನ್ನು ಬರೆದುಬಿಡಬಲ್ಲ. ತಪ್ಪಾಗುವ ಲಿಸ್ಟನ್ನು ತಾನೇ ಹುಟ್ಟಿಸುವುದು ಬಾಯಿಪಾಠದಿಂದ ಆಗುವುದಿಲ್ಲ. `[72, 28, 31, 64]` ಎಂದು ಉದ್ದದ್ದು ಬರೆದವರಿಗೂ ಬಹುಪಾಲು ಅಂಕ ಕೊಡಬೇಕು. ಬಗ್ ಎಲ್ಲಿದೆ ಎಂದು ಅವರಿಗೆ ಗೊತ್ತಾಗಿದೆ, ಸೋಸುವುದು ಮಾತ್ರ ಬಾಕಿ.

ಮೂರನೆಯ ಭಾಗದಲ್ಲಿ ಮೌಲ್ಯಮಾಪಕರಿಗೆ ಕಷ್ಟ ಶುರುವಾಗುತ್ತದೆ, ಏಕೆಂದರೆ ಸರಿಯಾದ ತಿದ್ದುಪಡಿ ಒಂದೇ ಅಲ್ಲ. ಅತಿ ಚಿಕ್ಕದ್ದು `for m in marks[:]:`. ಅಂದರೆ ಪ್ರತಿಯ ಮೇಲೆ ಲೂಪ್ ನಡೆಯುತ್ತದೆ, ತೆಗೆಯುವುದು ಮೂಲದಿಂದ. ಏನು ನಡೆಯುತ್ತಿದೆ ಎಂಬುದು ಬಿಡಿಬಿಡಿಯಾಗಿ ಕಾಣುವುದು ಇದರಲ್ಲಿ:

```python
i = 0
while i < len(marks):
    if marks[i] < 40:
        marks.pop(i)
    else:
        i = i + 1
```

ತೆಗೆದಾಗ `i` ಮುಂದೆ ಹೋಗುವುದಿಲ್ಲ, ಎಡಕ್ಕೆ ಸರಿದು ಬಂದದ್ದನ್ನು ಅದೇ ಸ್ಥಾನದಲ್ಲಿ ಮತ್ತೆ ನೋಡುತ್ತದೆ. ಕೊನೆಯಿಂದ ಮೊದಲಿಗೆ ಸ್ಥಾನಗಳನ್ನು ಎಣಿಸುತ್ತ `pop(i)` ಮಾಡುವುದೂ ಸರಿ, ಏಕೆಂದರೆ ಆಗ ಸರಿಯುವವು ಈಗಾಗಲೇ ನೋಡಿ ಮುಗಿಸಿದ ಅಂಶಗಳು ಮಾತ್ರ.

ಸರಿಯಂತೆ ಕಾಣುವ ತಪ್ಪು ತಿದ್ದುಪಡಿಗಳು ಇನ್ನೂ ಸ್ವಾರಸ್ಯಕರ. ಒಂದು, `temp = marks` ಎಂದು ಬರೆದು `for m in temp:` ಎನ್ನುವುದು. ಪ್ರತಿ ಮಾಡಬೇಕೆಂದು ತಿಳಿದಿದೆ, ಆದರೆ `=` ಪ್ರತಿ ಮಾಡುವುದಿಲ್ಲ, ಅದೇ ಲಿಸ್ಟಿಗೆ ಎರಡನೇ ಹೆಸರು ಕೊಡುತ್ತದೆ. ಫಲಿತಾಂಶ ಒಂದಿಷ್ಟೂ ಬದಲಾಗುವುದಿಲ್ಲ. ಎರಡು, ಹೊಸ ಲಿಸ್ಟೊಂದನ್ನು ಕಟ್ಟಿ ಕೊನೆಗೆ ಫಂಕ್ಷನ್ ಒಳಗೆ `marks = new` ಎನ್ನುವುದು. ಒಳಗಿನ ಹೆಸರು ಹೊಸ ಲಿಸ್ಟಿಗೆ ತಿರುಗುತ್ತದೆ, ಫಂಕ್ಷನ್ನನ್ನು ಕರೆದವರ ಲಿಸ್ಟ್ ಇದ್ದ ಹಾಗೇ ಇರುತ್ತದೆ. `marks[:] = new` ಎಂದಿದ್ದರೆ ಸರಿಯಿತ್ತು. ತನಗೆ ಕೊಟ್ಟ ಲಿಸ್ಟಿನಿಂದಲೇ ಎಂದು ಮೇಲ್ಬರಹದಲ್ಲಿ ಬರೆದದ್ದು ಈ ಕಾರಣಕ್ಕೆ. ಆ ಪದ ಇಲ್ಲದಿದ್ದರೆ ಹೊಸ ಲಿಸ್ಟನ್ನು `return` ಮಾಡಿದವರಿಗೂ ಪೂರ್ತಿ ಅಂಕ ಕೊಡಬೇಕಾಗುತ್ತದೆ.

ಮೂರನೆಯದು ನಗು ತರಿಸಿದರೂ ತಾಳ್ಮೆಯಿಂದ ನೋಡಬೇಕಾದದ್ದು: ಅದೇ ಲೂಪನ್ನು ಎರಡು ಸಲ ಬರೆಯುವುದು. ಒತ್ತಟ್ಟಿಗೆ ಎರಡೋ ಮೂರೋ ಫೇಲು ಇದ್ದರೆ ಮೊದಲ ಸಲಕ್ಕೆ ಒಂದು ಉಳಿಯುತ್ತದೆ, ಎರಡನೇ ಸಲಕ್ಕೆ ಅದೂ ಹೋಗುತ್ತದೆ. ನಮ್ಮ `[72, 28, 31, 19, 64]` ಇದರಲ್ಲಿ ಸರಿಯಾಗಿಯೇ ಬರುತ್ತದೆ! `[28, 31, 19, 25]` ಕೊಟ್ಟರೆ ಮೊದಲ ಸಲಕ್ಕೆ `[31, 25]`, ಎರಡನೇ ಸಲಕ್ಕೆ `[25]`. ಗುಟ್ಟು ಬಯಲಾಯಿತು. ಹಾಗಾಗಿ ಮೌಲ್ಯಮಾಪಕರ ಹಾಳೆಯಲ್ಲಿ ಪ್ರಶ್ನೆಯಲ್ಲಿಲ್ಲದ ಕೆಲವು ಲಿಸ್ಟ್‌ಗಳು ಇರಬೇಕು: ಖಾಲಿ `[]`, ಗಡಿಯ `[40]`, ಚಿಕ್ಕದಾದ `[28, 31]`, ಒಂದೇ ಬೆಲೆಯ `[28, 28]`, ನಾಲ್ಕು ಫೇಲಿನ ಈ ಲಿಸ್ಟ್, ಎಲ್ಲರೂ ಪಾಸಾದ `[72, 55]`. ವಿದ್ಯಾರ್ಥಿಯ ತಿದ್ದುಪಡಿ ಮಾದರಿ ಉತ್ತರಕ್ಕೆ ಹೋಲುತ್ತದೆಯೇ ಎಂದು ನೋಡುವ ಬದಲು ಈ ಆರನ್ನು ದಾಟುತ್ತದೆಯೇ ಎಂದು ನೋಡಿದರೆ ಅನಿರೀಕ್ಷಿತ ಉತ್ತರಗಳಿಗೂ ನ್ಯಾಯ ಸಿಗುತ್ತದೆ.

ಅಚ್ಚಿಗೆ ಹೋಗುವಾಗ

ಇಷ್ಟೆಲ್ಲ ಮಾಡಿದ ಮೇಲೂ ಪ್ರಶ್ನೆ ಕೆಡುವುದು ವರ್ಡ್ ಫೈಲಿನಲ್ಲಿ. ಸಾಲಿನ ಮೊದಲ ಅಕ್ಷರವನ್ನು ವರ್ಡ್ ತಾನೇ ದೊಡ್ಡಕ್ಷರ ಮಾಡುತ್ತದೆ, `for` ಹೋಗಿ `For` ಆಗುತ್ತದೆ. ಔಟ್‌ಪುಟ್ ಪ್ರಶ್ನೆಯಲ್ಲಿ ಹೀಗಾದರೆ ಎರರ್ ಎಂದು ಬರೆದವನೇ ಸರಿ, ಅವನಿಗೆ ಅಂಕ ಕೊಡದಿರಲು ಕಾರಣವೇ ಇರುವುದಿಲ್ಲ. ನೇರ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗುತ್ತವೆ, ಋಣ ಚಿಹ್ನೆ ಉದ್ದ ಗೆರೆಯಾಗುತ್ತದೆ. ಪೈಥಾನ್ ಎರಡನ್ನೂ ಒಪ್ಪುವುದಿಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಕನ್ನಡ ಪ್ರಶ್ನೆ ಟೈಪ್ ಮಾಡಿ, ಇಡೀ ಪುಟವನ್ನು ಆಯ್ದು ಫಾಂಟ್ ಬದಲಿಸಿದರೆ ಕೋಡಿನ ಇಂಗ್ಲಿಷ್ ಅಕ್ಷರಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕಾಣುತ್ತವೆ. ಯೂನಿಕೋಡ್ ಬಳಸಿದರೆ ಈ ಕಾಟವಿಲ್ಲ.

ಎಲ್ಲಕ್ಕಿಂತ ಅಪಾಯ ಇಂಡೆಂಟೇಶನ್ನಿನದು. ಎರಡು ಅಂಕಣದ ಪುಟ ವಿನ್ಯಾಸದಲ್ಲಿ ಜಾಗ ಕುಗ್ಗಿ, ಕೊನೆಯ `print(marks)` ಲೂಪಿನ ಒಳಗಿದೆಯೋ ಹೊರಗಿದೆಯೋ ತಿಳಿಯದಂತಾದರೆ ಒಂದು ಸಾಲಿನ ಔಟ್‌ಪುಟ್ ಮೂರು ಸಾಲಾಗುತ್ತದೆ. ಕೋಡನ್ನು ಎಲ್ಲ ಅಕ್ಷರಕ್ಕೂ ಒಂದೇ ಅಗಲವಿರುವ ಫಾಂಟಿನಲ್ಲಿ, ನಾಲ್ಕು ಖಾಲಿ ಜಾಗದ ಅಂತರದಲ್ಲಿ, ಚೌಕಟ್ಟಿನೊಳಗೆ ಇಡಬೇಕು. ಒಂದು ಕೋಡ್ ಎರಡು ಪುಟಕ್ಕೆ ಹರಿಯಬಾರದು. ಆಮೇಲೆ ಮೂಲ ಫೈಲಿನಿಂದಲ್ಲ, ಅಚ್ಚಿಗೆ ಹೋಗುವ ಪಿಡಿಎಫ್ ನೋಡಿಕೊಂಡು ಇನ್ನೊಬ್ಬರು ಕೋಡನ್ನು ಕೈಯಿಂದ ಟೈಪ್ ಮಾಡಿ ಓಡಿಸಬೇಕು. ನಕಲು ಮಾಡಿ ಅಂಟಿಸಿದರೆ `1` ಮತ್ತು `l` ನಡುವಿನ ಗೊಂದಲದಂಥವು ಸಿಕ್ಕಿಬೀಳುವುದಿಲ್ಲ.

ಇನ್ನು ಈ ಎರಡು ಪ್ರಶ್ನೆಗಳನ್ನು ಒಂದೇ ಪತ್ರಿಕೆಯಲ್ಲಿ ಹಾಕಬಾರದು. ಕೆಲವು ಲಿಸ್ಟ್‌ಗಳಿಗೆ ಸರಿಯಾಗಿ ನಡೆಯುವುದಿಲ್ಲ ಎಂಬ ಬಗ್ ಪ್ರಶ್ನೆಯ ವಾಕ್ಯ ಓದಿದವನು ಹಿಂದೆ ತಿರುಗಿ ತನ್ನ `[72, 64]` ಅನ್ನು ಹೊಡೆದುಹಾಕುತ್ತಾನೆ. ಔಟ್‌ಪುಟ್ ಪ್ರಶ್ನೆ ಮೊದಲ ಕಿರುಪರೀಕ್ಷೆಗೆ, ಬಗ್ ಪ್ರಶ್ನೆ ಮುಂದಿನದಕ್ಕೆ. ಡಿಕ್ಷನರಿ ಪಾಠ ಆದ ಮೇಲೆ ಇದನ್ನೇ ಮತ್ತೊಮ್ಮೆ ಬಳಸಬಹುದು. ಹೆಸರು ಮತ್ತು ಅಂಕಗಳ ಡಿಕ್ಷನರಿಯ ಮೇಲೆ `for` ನಡೆಸುತ್ತ ಒಳಗೆ `del` ಮಾಡಿದರೆ ಅಲ್ಲಿ ಪೈಥಾನ್ ಸುಮ್ಮನಿರುವುದಿಲ್ಲ, ಮುಂದಿನ ಸುತ್ತಿಗೆ ಹೋಗುವಾಗಲೇ `RuntimeError: dictionary changed size during iteration` ಎಂದು ನಿಲ್ಲಿಸುತ್ತದೆ. ಆ ಪ್ರಶ್ನೆಗೆ ಅಂಕ ಕೊಡುವಾಗ ಎರರಿನ ಹೆಸರನ್ನು ಅಕ್ಷರಶಃ ಬರೆಯಬೇಕೆಂದು ಹಟ ಹಿಡಿಯಬೇಕಿಲ್ಲ. ಮೊದಲ ಅಂಶ ಅಳಿಸಿದ ಮೇಲೆ ಮುಂದಿನ ಸುತ್ತು ಶುರುವಾಗದೆ ಕೋಡ್ ನಿಲ್ಲುತ್ತದೆ ಎಂದು ಬರೆದಿದ್ದರೆ ಸಾಕು.